ಮಲಗಿಸಿದ ಸಿಲಿಂಡರ್

ತುಮಕೂರಿನ ಹೋಟೆಲೊಂದರಲ್ಲಿ ನಾನು ಮ್ಯಾನೇಜರ್ ಆಗಿದ್ದೆ. ಗ್ಯಾಸ್ ಮುಗಿಯುತ್ತ ಬಂದರೆ ಸಿಲಿಂಡರನ್ನು ಅಡ್ಡ ಮಲಗಿಸಿ ಕೊನೆಯ ಹನಿಯವರೆಗೂ ಉರಿಸುವುದು ನಮ್ಮಲ್ಲಿ ರೂಢಿ. ಕಲಿಸಿದವರು ಯಜಮಾನರೇ.

ಒಂದು ಬೆಳಿಗ್ಗೆ, ಒಲೆ ಹಚ್ಚುವ ಮೊದಲೇ, ಹಾಗೆ ಮಲಗಿಸಿದ ಸಿಲಿಂಡರಿನ ಪೈಪಿನ ಬುಡದಿಂದ ಗ್ಯಾಸು ದ್ರವವಾಗಿಯೇ ಚಿಮ್ಮಿ ನೆಲದ ಮೇಲೆ ಬಿಳಿ ಮಂಜಿನಂತೆ ಹರಡಿತು. ಅಡುಗೆಯವನು ವಾಲ್ವ್ ಮುಚ್ಚಿದ. ಯಾರೂ ಸ್ವಿಚ್ ಮುಟ್ಟದಂತೆ ಹೇಳಿ, ಬಾಗಿಲು ಕಿಟಕಿ ತೆಗೆಸಿ, ಎಲ್ಲರನ್ನೂ ಹೊರಗೆ ಕಳಿಸಿ, ಎದುರಂಗಡಿಯಿಂದ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದೆ. ಬಂದು ಪರಿಶೀಲಿಸಿದ ಅಧಿಕಾರಿ ಲಿಖಿತ ವರದಿ ಕೇಳಿದರು.

ಗುಬ್ಬಿಯಿಂದ ಧಾವಿಸಿ ಬಂದ ಯಜಮಾನರು, "ಅಡುಗೆಯವ್ನ ತಪ್ಪು ಅಂತ ಬರ್ದ್ಬುಡಿ" ಅಂದರು.

ನನಗೆ ರೇಗಿತು. "ಮಲಗ್ಸಿ ಅಂದೋರು ನೀವೇ ಅಲ್ವಾ ಸಾರ್? ಅದನ್ನೇ ಬರೀತೀನಿ. ಬೇಡ ಅಂದ್ರೆ ಬೇರೆ ಮ್ಯಾನೇಜರ್ ನೋಡ್ಕೊಳ್ಳಿ."

ಹಾಗೆಯೇ ಬರೆದುಕೊಟ್ಟೆ. ಯಜಮಾನರು ಅದನ್ನು ಓದಿ ಕೆಳಗೆ ಸಹಿ ಹಾಕಿದರು.

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು, ಹಿತ್ತಲಿನಲ್ಲಿ ಸಿಲಿಂಡರುಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸುತ್ತಿದ್ದರು. ಅಡುಗೆಯವನು ಬಂದಾಗ ತಲೆ ಎತ್ತದೆಯೇ ಹೇಳಿದರು: "ಇನ್ಮೇಲೆ ನಾನೇ ಹೇಳಿದ್ರೂ ಮಲಗಿಸ್ಬೇಡ ಕಣಪ್ಪ."