ಹದಿಮೂರು ಪಾಯಿಂಟ್ ನಾಲ್ಕು

ನನ್ನದು ಅನುಮಾನದ ಸ್ವಭಾವ. ಸಂತೆಯಲ್ಲಿ ತೂಗಿ ಕೊಟ್ಟ ಬೀನ್ಸನ್ನು ಮನೆಗೆ ತಂದು ಮತ್ತೆ ತೂಗುತ್ತೇನೆ. ಹೊಸೂರಿನ ಒಂದು ಶಿಕ್ಷಣ ಕಾಲೇಜಿನಲ್ಲಿ ಎಂ.ಎಡ್ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಗೈಡ್ ಆಗಿ ಕೂತ ಮೇಲಂತೂ ಈ ಸ್ವಭಾವಕ್ಕೆ ಸಂಬಳವೂ ಬರತೊಡಗಿತು.

ಆ ವರ್ಷ ನನ್ನ ಪಾಲಿಗೆ ಬಂದವಳು ಬಾಗಲೂರಿನ ಕಡೆಯ ಹುಡುಗಿ. ಮನೆಯ ಜಗುಲಿಯಲ್ಲಿ ಒಂಬತ್ತನೇ ತರಗತಿಯ ಹತ್ತು ಮಕ್ಕಳಿಗೆ ಬೆಳಗಿನ ಟ್ಯೂಷನ್ ಮಾಡುತ್ತಿದ್ದಳು. ಅದೇ ಅವಳ ಪ್ರಬಂಧದ ವಿಷಯ. ಲೆಕ್ಕದ ಒಂದೊಂದು ಹೆಜ್ಜೆಯನ್ನೂ ಮಕ್ಕಳ ಬಾಯಲ್ಲಿ ಗಟ್ಟಿಯಾಗಿ ಹೇಳಿಸಿ ಮಾಡಿಸಿದರೆ ಅಂಕ ಬದಲಾಗುತ್ತದೆಯೇ ಎಂದು ನೋಡುವುದು. ಪಾಠಕ್ಕೆ ಮುಂಚೆ ಇಪ್ಪತ್ತೈದು ಅಂಕಕ್ಕೆ ಒಂದು ಪರೀಕ್ಷೆ, ಇಪ್ಪತ್ತು ದಿನದ ಪಾಠವಾದ ಮೇಲೆ ಅಷ್ಟೇ ಅಂಕಕ್ಕೆ ಇನ್ನೊಂದು. ಆಮೇಲೆ ಎರಡಕ್ಕೂ ಪೇರ್ಡ್ ಟಿ-ಟೆಸ್ಟ್. ಅಂದರೆ ಪ್ರತಿ ಮಗುವಿನ ನಂತರದ ಅಂಕದಿಂದ ಮೊದಲಿನ ಅಂಕ ಕಳೆದು, ಆ ವ್ಯತ್ಯಾಸಗಳ ಸರಾಸರಿ ದಿಟವಾದದ್ದೋ, ಸುಮ್ಮನೆ ಏರುಪೇರಿನಲ್ಲಿ ಬಂದದ್ದೋ ಎಂದು ಪರೀಕ್ಷಿಸುವುದು. ವ್ಯತ್ಯಾಸಗಳು ಒಂದೇ ಸಮ ಇದ್ದಷ್ಟೂ ಕೊನೆಗೆ ಸಿಗುವ ಟಿ ಎಂಬ ಸಂಖ್ಯೆ ದೊಡ್ಡದಾಗುತ್ತದೆ, ಚೆಲ್ಲಾಪಿಲ್ಲಿಯಾದಷ್ಟೂ ಚಿಕ್ಕದಾಗುತ್ತದೆ. ಹತ್ತು ಮಕ್ಕಳಿದ್ದರೆ, ವ್ಯತ್ಯಾಸ ದಿಟವೆನ್ನಲು ಟಿ 2.262 ದಾಟಬೇಕು.

ಅವಳು ತಂದ ಟಿ 13.4.

ನಾನು ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದೆ. 18ಕ್ಕೆ 20, 16ಕ್ಕೆ 18, 15ಕ್ಕೆ 17, 13ಕ್ಕೆ 16, ಹೀಗೆ ಕೆಳಗಿನವರೆಗೂ. ಎಂಟು ಮಕ್ಕಳಿಗೆ ಸರಿಯಾಗಿ ಎರಡೆರಡು ಅಂಕ ಹೆಚ್ಚು, ಒಬ್ಬರಿಗೆ ಮೂರು, ಒಬ್ಬರಿಗೆ ಒಂದು. ಒಂದು ಮಗುವೂ ಕೆಳಗೆ ಬಂದಿಲ್ಲ, ಒಂದೂ ಇನ್ನೊಂದನ್ನು ಹಿಂದೆ ಹಾಕಿಲ್ಲ. ಹೆಸರೂ ಇರಲಿಲ್ಲ, ಬರೀ ಒಂದರಿಂದ ಹತ್ತರವರೆಗೆ ಕ್ರಮಸಂಖ್ಯೆ. ನಿಜವಾದ ಮಕ್ಕಳು ಹೀಗೆ ಸಾಲಾಗಿ ಮೆಟ್ಟಿಲು ಹತ್ತುವುದಿಲ್ಲ.

"ಮನೇಲಿ ಕೂತು ಬರೆದು ತಂದೆಯೇನಮ್ಮ?" ಎಂದು ಕೇಳಿಯೇಬಿಟ್ಟೆ. ಸ್ಟಾಫ್ ರೂಮಿನಲ್ಲಿ ಇನ್ನೂ ಇಬ್ಬರಿದ್ದರು. ಅವರಿಗೆ ಕೇಳಿಸಲಿ ಎಂಬ ಆಸೆಯೂ ನನಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅವಳ ಮುಖ ಕೆಂಪಾಯಿತು. "ನಾನ್ಯಾಕೆ ಸುಳ್ಳು ಬರೀಲಿ ಮೇಡಂ? ಮಕ್ಕಳೇ ಬರ್ದವ್ರೆ. ಪೇಪರೆಲ್ಲ ಮನೇಲೈತೆ, ಬಂದು ನೋಡ್ಬುಡಿ."

ಮುಖ ಕೆಂಪಾದದ್ದೇ ನನಗೆ ಸಾಕ್ಷಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದುಕೊಂಡೆ. ನನ್ನ ಸಹಿ ಇಲ್ಲದೆ ಪ್ರಬಂಧ ಒಪ್ಪಿಸುವಂತಿಲ್ಲ, ಒಪ್ಪಿಸದಿದ್ದರೆ ಅವಳ ಒಂದು ವರ್ಷ ಹೋದಂತೆ. ಅದು ಇಬ್ಬರಿಗೂ ಗೊತ್ತಿತ್ತು. ಎರಡು ವಾರ ಸಹಿ ಹಾಕದೆ ಫೈಲನ್ನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಮಕ್ಕಳಿಗೆ ಪ್ರಶ್ನೆಪತ್ರಿಕೆ ಮೊದಲೇ ತೋರಿಸಿದಳೋ, ತಾನೇ ತಿದ್ದಿದಳೋ, ಇಲ್ಲ ಪರೀಕ್ಷೆಯನ್ನೇ ಮಾಡಿಲ್ಲವೋ ಎಂದು ಬಸ್ಸಿನಲ್ಲೂ ಅದೇ ಯೋಚನೆ. ಕಾರಿಡಾರಿನಲ್ಲಿ ಎದುರಾದರೆ ಅವಳ ಮುಖವನ್ನೇ ದಿಟ್ಟಿಸುತ್ತಿದ್ದೆ.

ಕೊನೆಗೆ ಒಂದು ಶನಿವಾರ ಬೆಳಿಗ್ಗೆ, ಹೇಳದೆ ಕೇಳದೆ, ಬಾಗಲೂರಿನ ಬಸ್ಸು ಹತ್ತಿದೆ. ಹೇಳಿ ಹೋದರೆ ಪೇಪರ್ ಹೊಸದಾಗಿ ಬರೆಸಿ ಇಟ್ಟಿರುತ್ತಾಳೆ ಎಂಬ ಭಯ.

ಜಗುಲಿಯಲ್ಲಿ ಮಕ್ಕಳು "ಎರಡೂ ಕಡೆಯಿಂದ ಮೂರು ಕಳೀತೀನಿ" ಎಂದು ಕಿವಿ ಗಡಚಿಕ್ಕುವ ಹಾಗೆ ಹೇಳುತ್ತಿದ್ದರು. ನನ್ನನ್ನು ಕಂಡು ಅವಳು ಎದ್ದು ನಿಂತಳು. ಒಳಗಿನಿಂದ ಎರಡು ಕಟ್ಟು ಉತ್ತರಪತ್ರಿಕೆ ತಂದು ನನ್ನ ಮುಂದಿಟ್ಟಳು. ಮಕ್ಕಳ ಅಕ್ಷರ, ಎಣ್ಣೆಯ ಕಲೆ, ಅಡ್ಡಗೀಟು, ತಪ್ಪು ಲೆಕ್ಕ, ಎಲ್ಲ ಅಸಲಿ. ಅಂಕ ಕೂಡಿಸಿ ನೋಡಿದೆ, ಅದೂ ಸರಿ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಳ್ಳಿ ಕೈಗೆ ಸಿಗಲಿಲ್ಲವಲ್ಲ ಎಂಬ ಬೇಸರವೇ ಆಯಿತು.

ಆಗ ಗೋಡೆ ನೋಡಿದೆ. ಎರಡು ಚಾರ್ಟು ನೇತುಹಾಕಿದ್ದಳು. ನಮ್ಮ ಕಡೆಯ ಟ್ಯೂಷನ್‌ಗಳಲ್ಲಿ ಇದು ವಾಡಿಕೆ. ಪ್ರತಿ ಪರೀಕ್ಷೆಯಾದ ಮೇಲೆ ರ್‍ಯಾಂಕ್ ಪಟ್ಟಿ, ಹೆಚ್ಚು ಅಂಕದವರು ಮೇಲೆ, ಕಡಿಮೆಯವರು ಕೆಳಗೆ. ಮೊದಲ ಚಾರ್ಟಿನಲ್ಲಿ ಮೊದಲಿದ್ದ ಹುಡುಗಿ ಎರಡನೆಯದರಲ್ಲಿ ನಾಲ್ಕನೆಯವಳು.

"ಪ್ರಬಂಧಕ್ಕೆ ಅಂಕ ಎಲ್ಲಿಂದ ಬರ್ಕೊಂಡೆ?" ಎಂದೆ.

"ಇದ್ರಿಂದ್ಲೇ ಮೇಡಂ. ಮೊದಲ್ನೇ ಚಾರ್ಟ್ ನೋಡಿ ಮೊದಲ್ನೇ ಕಾಲಂ, ಎರಡ್ನೇದ್ ನೋಡಿ ಎರಡ್ನೇ ಕಾಲಂ. ಹೆಸ್ರು ಹಾಕ್ಬೇಡ ಅಂತ ನೀವೇ ಹೇಳಿದ್ರಲ್ಲ."

ನಾನೇ ಹೇಳಿದ್ದೆ. ಅವಳು ಒಂದನೇ ರ್‍ಯಾಂಕಿನ ಪಕ್ಕ ಒಂದನೇ ರ್‍ಯಾಂಕು ಇಟ್ಟಿದ್ದಳು. ಮಗುವಿನ ಪಕ್ಕ ಅದೇ ಮಗುವನ್ನು ಇಟ್ಟಿರಲಿಲ್ಲ.

ಇಬ್ಬರೂ ಚಾಪೆಯ ಮೇಲೆ ಕೂತು ಹೆಸರು ಹಿಡಿದು ಜೋಡಿ ಮಾಡಿದೆವು. ಸರಾಸರಿ ವ್ಯತ್ಯಾಸ ಒಂದಿಷ್ಟೂ ಬದಲಾಗಲಿಲ್ಲ, ಅದೇ ಎರಡು. ಆದರೆ ಈಗ ಒಬ್ಬರಿಗೆ ಐದು ಹೆಚ್ಚು, ನಾಲ್ವರಿಗೆ ನಾಲ್ಕು ಹೆಚ್ಚು, ಒಬ್ಬರಿಗೆ ಮೂರು, ಒಬ್ಬರಿಗೆ ಎರಡು, ಉಳಿದ ಮೂವರಿಗೆ ಎರಡೆರಡು ಕಡಿಮೆ. ವ್ಯತ್ಯಾಸಗಳು ಸರಾಸರಿಯಿಂದ ಎಷ್ಟೆಷ್ಟು ದೂರವೆಂದು ತೆಗೆದು, ವರ್ಗ ಮಾಡಿ ಕೂಡಿಸಿದರೆ 74. ಒಂಬತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ 2.87. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.91. ಎರಡನ್ನು ಅದರಿಂದ ಭಾಗಿಸಿದಾಗ ಅವಳ ಮೊಬೈಲು 2.21 ಎಂದು ತೋರಿಸಿತು. 2.262 ದಾಟಲು ಕೂದಲೆಳೆಯಷ್ಟು ಕಡಿಮೆ.

ಅವಳು ಅಂಕ ನೋಡುತ್ತಿರಲಿಲ್ಲ. ಕಡಿಮೆಯಾದ ಮೂವರ ಹೆಸರಿನ ಮೇಲೆ ಬೆರಳಿಟ್ಟಿದ್ದಳು. "ಈ ಮೂರೂ ಮೆತ್ತಗಿನ್ ಮಕ್ಳು ಮೇಡಂ. ಗಟ್ಟಿಯಾಗಿ ಹೇಳೋಕೆ ನಾಚ್ಕೋತವೆ" ಎಂದಳು.

ನನಗೆ ನಾಚಿಕೆಯಾಯಿತು. ಎರಡು ವಾರ ಕಳ್ಳಿ ಎಂದು ನೋಡಿದೆನಲ್ಲ, ಅದಕ್ಕೇನಾದರೂ ಕೊಡಬೇಕೆನಿಸಿತು. ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನನ್ನ ಬಾಯಿಗೆ ಬರುವುದಿಲ್ಲ. ಬದಲಿಗೆ ಹೇಳಿದೆ:

"ಒಂದು ದಾರಿ ಇದೆ ಕಣಮ್ಮ. ಅಂಕ ಬದಲಾಗುತ್ತದೋ, ಹೆಚ್ಚಾದರೂ ಸರಿ ಕಡಿಮೆಯಾದರೂ ಸರಿ, ಅಂತ ಕೇಳಿದ್ದಕ್ಕೆ 2.262. ಹೆಚ್ಚಾಗುತ್ತದೋ ಅಂತಷ್ಟೇ ಕೇಳಿದ್ದೆವು ಅಂತ ಬರೆದುಬಿಡು. ಆಗ 1.833 ದಾಟಿದರೆ ಸಾಕು. ನಿನ್ನದು ದಾಟಿದೆ. ಮೊದಲ ಅಧ್ಯಾಯದಲ್ಲಿ ಒಂದು ಸಾಲು ತಿದ್ದಿದರೆ ಆಯಿತು, ನಾನು ಸಹಿ ಹಾಕ್ತೀನಿ."

ಅವಳು ತಲೆಯೆತ್ತಿದಳು. ನನ್ನನ್ನೇ ನೋಡಿದಳು. ಕಣ್ಣು ಕಿರಿದು ಮಾಡಿ, ಕತ್ತು ಒಂದಿಷ್ಟು ಓರೆ ಮಾಡಿ. ತರಕಾರಿಯವನ ತಕ್ಕಡಿಯನ್ನು ನಾನು ನೋಡುವುದು ಹಾಗೆಯೇ.

"ಪರೀಕ್ಷೆ ಮಾಡೋಕ್ ಮುಂಚೆ ಹಂಗ್ ಬರ್ದಿರ್ಲಿಲ್ವಲ್ಲ ಮೇಡಂ?"

"ಇರಲಿಲ್ಲ" ಎಂದೆ.

"ಮತ್ತೆ?"

ಡ್ರಾಯರಿನಿಂದ ತಂದಿದ್ದ ಫೈಲು ನನ್ನ ಚೀಲದಲ್ಲೇ ಇತ್ತು. ಅವಳೇ ತೆಗೆದುಕೊಂಡು 13.4 ಹೊಡೆದುಹಾಕಿ 2.21 ಬರೆದಳು. ಕೆಳಗೆ, ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ ಎಂದು ಸೇರಿಸಿ, ಫೈಲು ನನ್ನ ಕಡೆ ತಿರುಗಿಸಿದಳು. ನಾನು ಅಲ್ಲೇ, ಆ ತಿದ್ದುಪಡಿಯ ಪಕ್ಕ, ಸಹಿ ಹಾಕಿ ತಾರೀಖು ಬರೆದೆ.

ಅವಳು "ಥ್ಯಾಂಕ್ಸ್ ಮೇಡಂ, ಕಾಫಿ ಕುಡ್ಕೊಂಡೋಗಿ" ಎಂದಳು. ಎದ್ದು ಒಳಗೆ ಹೋಗುವ ಮೊದಲು ಮೊಬೈಲು ತೆಗೆದು, ಆ ಪುಟವನ್ನು ನನ್ನ ಸಹಿ ಸಮೇತ ಫೋಟೋ ತೆಗೆದುಕೊಂಡಳು. ಸರಿಯಾಗಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಿ, ಇನ್ನೊಂದು ತೆಗೆದಳು.