ಇಸವಿ ಮೇಡಂ ಬರೆದ ಇಪ್ಪತ್ತು ಪ್ರಶ್ನೆಗಳು

ನನ್ನ ದೊಡ್ಡಮ್ಮ ಒಂದು ಚಿತ್ರಕಲಾ ಕಾಲೇಜಿನಲ್ಲಿ ಕಲೆಯ ಇತಿಹಾಸ ಪಾಠ ಮಾಡುತ್ತಾರೆ. ವಿದ್ಯಾರ್ಥಿಗಳು ಎದುರಿಗೆ ಅವರನ್ನು ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಇಸವಿ ಮೇಡಂ ಎನ್ನುತ್ತಾರೆ. ಯಾವ ಕಲಾ ಚಳವಳಿ ಯಾವ ಇಸವಿಯಲ್ಲಿ ಶುರುವಾಯಿತು, ಮೊದಲ ಪ್ರದರ್ಶನ ಯಾವ ಇಸವಿಯಲ್ಲಿ ನಡೆಯಿತು, ಘೋಷಣಾಪತ್ರ ಯಾವ ಇಸವಿಯಲ್ಲಿ ಅಚ್ಚಾಯಿತು ಎಂದು ಹತ್ತೊಂಬತ್ತು ವರ್ಷ ಕೇಳಿದವರಿಗೆ ಬೇರೆ ಹೆಸರು ಬರುವುದು ಕಷ್ಟ. ಈ ಹೆಸರು ದೊಡ್ಡಮ್ಮನಿಗೂ ಗೊತ್ತಿದೆ. ಅದರ ಬಗ್ಗೆ ಅವರು ಬೇಸರಪಟ್ಟುಕೊಂಡದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ, ಹೋದ ವರ್ಷದವರೆಗೆ.

ಹೋದ ವರ್ಷ ಅವರ ತರಗತಿಯ ಹೊರಗಿನ ಗೋಡೆಗೆ ಒಂದು ಅಚ್ಚಾದ ಚಿತ್ರ ಹಾಕಿದರು. ನದಿ, ನದಿಯಲ್ಲಿ ದೋಣಿಗಳು, ನೀರಿನಲ್ಲಿ ದೋಣಿಗಳ ನೆರಳು. ಮೂರು ತಿಂಗಳು ಅದು ಅಲ್ಲೇ ಇತ್ತು. ಒಂದು ದಿನ ಕಚೇರಿಯ ಗುಮಾಸ್ತರು ಹಾಜರಿ ಪುಸ್ತಕ ಒಯ್ಯಲು ಬಂದವರು ಚಿತ್ರದ ಮುಂದೆ ನಿಂತು, ಕತ್ತು ವಾಲಿಸಿ, "ಮೇಡಂ, ಇದನ್ನ ತಲೆಕೆಳಗೆ ಹಾಕಿದೀರಲ್ವಾ?" ಎಂದರು. ಹೌದು. ಹಾಕಿದವರು ದೊಡ್ಡಮ್ಮನೇ.

ಅವರು ಚಿತ್ರವನ್ನು ತಕ್ಷಣ ಸರಿಮಾಡಲಿಲ್ಲ. ತರಗತಿಯಲ್ಲಿ ಮೊದಲ ಸ್ಥಾನದಲ್ಲಿರುವ ಹುಡುಗಿಯನ್ನು ಕರೆದು, ಇದರ ಬಗ್ಗೆ ಹೇಳು ಎಂದರು. ಹುಡುಗಿ ಚಳವಳಿಯ ಹೆಸರು ಹೇಳಿದಳು, ಇಸವಿ ಹೇಳಿದಳು, ಪ್ರದರ್ಶನ ನಡೆದ ಬೀದಿಯ ಹೆಸರನ್ನೂ ಹೇಳಿದಳು. ಬೇರೇನಾದರೂ ಕಾಣುತ್ತದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಮೇಡಂ ಎಂದಳು. ಅವಳಿಗೆ ಆ ವರ್ಷ ಇಪ್ಪತ್ತಕ್ಕೆ ಇಪ್ಪತ್ತು ಬಂದಿತ್ತು. ಕೊಟ್ಟವರೂ ದೊಡ್ಡಮ್ಮನೇ.

ಆ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಸೋಫಾದ ಮೇಲೆ ಕೂತರು. ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿದೆ, ಈ ಹೆಸರನ್ನೇ ಹೊತ್ತುಕೊಂಡು ಮನೆಗೆ ಬರಲಾರೆ ಎಂದರು.

ಮರುದಿನ ಪ್ರಾಂಶುಪಾಲರ ಬಳಿ ಹೋಗಿ ಹೊಸ ಪ್ರಶ್ನೆಪತ್ರಿಕೆ ಮಾಡುತ್ತೇನೆ ಎಂದರು. ಇಪ್ಪತ್ತೇ ಪ್ರಶ್ನೆ, ಒಂದೊಂದಕ್ಕೂ ನಾಲ್ಕೇ ಉತ್ತರ, ಆದರೆ ಒಂದೇ ಒಂದು ಇಸವಿ ಇರುವುದಿಲ್ಲ, ಯೋಚಿಸಿದವರಿಗೆ ಮಾತ್ರ ಅಂಕ. ಪ್ರಾಂಶುಪಾಲರು ಯಾವುದಕ್ಕೂ ಬೇಗ ಹೂಂ ಎನ್ನುವವರಲ್ಲ. ಇಸವಿ ಗೊತ್ತಿಲ್ಲದವನು ಇಸವಿ ಊಹಿಸಲಾರ, ಆದರೆ ಯೋಚನೆಯ ಪ್ರಶ್ನೆ ಎಂದರೆ ದಾರಿಯಲ್ಲಿ ಹೋಗುವವನೂ ಊಹಿಸಿ ಪಾಸಾಗಬಹುದು ಎಂಬುದು ಅವರ ಅನುಮಾನ. ಅದಕ್ಕೇ ಒಂದು ಷರತ್ತು ಹಾಕಿದರು. ಕಲೆಯ ಇತಿಹಾಸವನ್ನು ಓದಿಯೇ ಇಲ್ಲದ ಒಬ್ಬರು ಮೊದಲು ಪತ್ರಿಕೆ ಬರೆಯಬೇಕು. ಪಾಸಾಗಲು ಎಂಟು ಅಂಕ ಬೇಕು. ಅವರು ಎಂಟು ತೆಗೆದರೆ ಹಳೆಯ ಪತ್ರಿಕೆಯೇ ಮುಂದುವರಿಯುತ್ತದೆ, ಈ ವಿಷಯ ಮತ್ತೆ ಎತ್ತುವಂತಿಲ್ಲ.

"ಯಾರು ಬರೀತಾರೆ ಸರ್?" ಎಂದು ದೊಡ್ಡಮ್ಮ ಕೇಳಿದರು.

"ನಮ್ಮ ಗುಮಾಸ್ತರು," ಎಂದರು ಪ್ರಾಂಶುಪಾಲರು.

ಇಡೀ ಕಾಲೇಜಿನಲ್ಲಿ ಕಣ್ಣು ಬಿಟ್ಟು ನೋಡುವ ಒಬ್ಬರೇ ಒಬ್ಬರನ್ನು ಆರಿಸಿದರು ಎಂದು ದೊಡ್ಡಮ್ಮನಿಗೆ ಅನಿಸಿತು.

ಪ್ರಶ್ನೆಪತ್ರಿಕೆ ತಯಾರಿಸಲು ದೊಡ್ಡಮ್ಮನಿಗೆ ಐದು ವಾರ ಹಿಡಿಯಿತು. ಊಟದ ಮೇಜಿನ ಅರ್ಧ ಭಾಗ ಚಿತ್ರಗಳಿಗೆ ಹೋಯಿತು, ಉಳಿದ ಅರ್ಧದಲ್ಲಿ ನಾವು ಉಂಡೆವು. ಮೊದಲು ಅವರು ಹಳೆಯ ಪ್ರಶ್ನೆಗಳನ್ನೇ ತಿರುಗಿಸಿ ನೋಡಿದರು. ಬಣ್ಣ ತುಂಬಿದ ಟ್ಯೂಬು ಯಾವ ಇಸವಿಯಲ್ಲಿ ಬಂತು ಎಂಬುದರ ಬದಲು, ಟ್ಯೂಬು ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಚಿತ್ರಕಾರರಿಗೆ ಯಾವ ಕೆಲಸ ಸುಲಭವಾಯಿತು ಎಂದು ಕೇಳಿದರು. ಮನೆಯೊಳಗೆ ಬಣ್ಣ ಅರೆಯುವ ತಾಪತ್ರಯ ತಪ್ಪಿ, ಬಯಲಿಗೆ ಹೋಗಿ ಅಲ್ಲೇ ಕೂತು ಬಿಡಿಸುವುದು ಸುಲಭವಾಯಿತು ಎಂಬುದು ಉತ್ತರ. ಕ್ಯಾಮೆರಾ ಬಂದ ಮೇಲೆ, ಇದ್ದದ್ದನ್ನು ಇದ್ದ ಹಾಗೆ ಬಿಡಿಸುವ ಚಿತ್ರಕಾರನ ಕೆಲಸ ಏನಾಯಿತು ಎಂದು ಇನ್ನೊಂದು ಪ್ರಶ್ನೆ. ಕೆಲವು ಪ್ರಶ್ನೆಗಳಲ್ಲಿ ಹೆಸರು ಬರೆಯದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ಯಾವುದಕ್ಕೆ ಎದುರುತ್ತರ ಕೊಡುತ್ತಿದೆ ಎಂದು ಕೇಳಿದ್ದರು. ಸರಿ ಉತ್ತರ ಬರೆಯುವುದು ಅಷ್ಟು ಕಷ್ಟವಲ್ಲ, ತಪ್ಪು ಉತ್ತರ ಬರೆಯುವುದೇ ಪ್ರಾಣ ಹಿಂಡುತ್ತದೆ ಎಂದು ಅವರು ಹೇಳುತ್ತಿದ್ದರು. ಒಂದೊಂದು ತಪ್ಪೂ, ಅರ್ಧ ತಿಳಿದವನು ನಿಜವಾಗಿ ಮಾಡುವಂಥ ತಪ್ಪಾಗಿರಬೇಕು. ಇಪ್ಪತ್ತು ಪ್ರಶ್ನೆಗೆ ಅಂಥ ಅರವತ್ತು ತಪ್ಪು ಬೇಕು.

ಶಿಲ್ಪಕಲೆಯ ಮೇಷ್ಟ್ರು ಬರೆದು ನೋಡಿ ಹದಿನೇಳು ತೆಗೆದರು. ತಿಳಿದವರು ಪಾಸಾಗುತ್ತಾರೆ ಎಂದಾಯಿತು. ಗುಮಾಸ್ತರು ಬರೆಯುವ ಮೊದಲಿನ ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಪತ್ರಿಕೆಯನ್ನು ದೊಡ್ಡಪ್ಪನ ಕೈಗೆ ಕೊಟ್ಟರು. ದೊಡ್ಡಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು, ಈಗ ನಿವೃತ್ತರು. ಮದುವೆಯಾಗಿ ಮೂವತ್ತು ವರ್ಷವಾದರೂ ಕಲೆಯ ಬಗ್ಗೆ ಒಂದು ಮಾತೂ ಕಲಿಯದೆ ಉಳಿದಿದ್ದಾರೆ. ಅದಕ್ಕೂ ಎಚ್ಚರ ಬೇಕಾಗುತ್ತದೆ.

ಅವರು ಒಂಬತ್ತು ನಿಮಿಷದಲ್ಲಿ ಮುಗಿಸಿದರು. ಹದಿಮೂರು ಸರಿಯಾಗಿತ್ತು.

ದೊಡ್ಡಮ್ಮ ಎರಡು ಸಲ ಎಣಿಸಿದರು. ಆಮೇಲೆ, ಈ ಪ್ರಶ್ನೆಗಳಲ್ಲಿ ನಿಮಗೆ ಏನು ಅರ್ಥವಾಯಿತು ಎಂದು ಕೇಳಿದರು.

"ಪ್ರಶ್ನೆ ಯಾರು ಓದಿದರು?" ಎಂದರು ದೊಡ್ಡಪ್ಪ. "ಅದು ಉದ್ದ ಇತ್ತು. ನಾನು ಉತ್ತರ ಮಾತ್ರ ನೋಡಿದೆ."

"ಪ್ರಶ್ನೆ ಓದದೆ ಹೇಗ್ರೀ ಹದಿಮೂರು ಬಂತು?"

"ನಾಲ್ಕರಲ್ಲಿ ಉದ್ದ ಯಾವುದೋ ಅದು ಸರಿ. ನೀನು ನಿಜ ಹೇಳುವಾಗ ಸುತ್ತಿ ಬಳಸಿ ಹೇಳ್ತೀಯ, ಸುಳ್ಳಾದರೆ ಎರಡೇ ಮಾತು. ಮೂವತ್ತು ವರ್ಷದಿಂದ ನೋಡ್ತಿದೀನಿ."

ಎಲ್ಲ ಒಂದೇ ಉದ್ದ ಇದ್ದ ಕಡೆ ಅವರು 'ಇ' ಎಂದು ಗುರುತು ಹಾಕಿದ್ದರು, ಏಕೆಂದರೆ ಅದುವರೆಗೆ ಹೆಚ್ಚಾಗಿ ಅದೇ ಬಂದಿತ್ತು. 'ಯಾವತ್ತೂ' ಎಂದೋ 'ಮಾತ್ರ' ಎಂದೋ ಇದ್ದ ಉತ್ತರಗಳನ್ನು ಮೊದಲೇ ಬಿಟ್ಟಿದ್ದರು. ಲಕೋಟೆಯ ಮೇಲ್ಗಡೆ ನೋಡಿ ಎಲ್ಲಿಗೆ ಹೋಗಬೇಕು ಹೇಳುವುದು ತಮ್ಮ ಕೆಲಸವಾಗಿತ್ತು, ಒಳಗಿನ ಕಾಗದ ಓದುವುದಲ್ಲ ಎಂದು ವಿವರಿಸಿ ಅವರು ಮಲಗಲು ಹೋದರು.

ದೊಡ್ಡಮ್ಮ ಅಡಿಕೋಲು ತಂದರು. ಸರಿ ಉತ್ತರಗಳನ್ನು ಅಳೆದು ಕತ್ತರಿಸಿದರು, ತಪ್ಪು ಉತ್ತರಗಳನ್ನು ಎಳೆದು ಉದ್ದ ಮಾಡಿದರು. ಅ, ಆ, ಇ, ಈ ಎಂದು ನಾಲ್ಕು ಅಕ್ಷರಗಳನ್ನು ಐದೈದು ಚೀಟಿಗಳ ಮೇಲೆ ಬರೆದು, ಡಬ್ಬಿಯಲ್ಲಿ ಕುಲುಕಿ, ಒಂದೊಂದು ಪ್ರಶ್ನೆಯ ಸರಿ ಉತ್ತರ ಎಲ್ಲಿ ಕೂರಬೇಕೆಂದು ಚೀಟಿ ಎತ್ತಿ ತೀರ್ಮಾನಿಸಿದರು. ಸಂಜೆ ದೊಡ್ಡಪ್ಪ ಎದ್ದು ಮತ್ತೆ ಬರೆದರು. ಐದು ಬಂತು. ನಾಲ್ಕರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸಿದರೂ ಇಪ್ಪತ್ತಕ್ಕೆ ಸುಮಾರು ಅಷ್ಟೇ ಬರುತ್ತದೆ. ಪತ್ರಿಕೆ ಕೆಟ್ಟುಹೋಗಿದೆ, ಮೊದಲಿನದೇ ಚೆನ್ನಾಗಿತ್ತು ಎಂದು ದೊಡ್ಡಪ್ಪ ಹೇಳಿದರು. ದೊಡ್ಡಮ್ಮ ಅವತ್ತು ಎರಡು ಸಲ ಕಾಫಿ ಮಾಡಿಕೊಟ್ಟರು.

ಬುಧವಾರ ಬೆಳಿಗ್ಗೆ ಗುಮಾಸ್ತರು ಪ್ರಾಂಶುಪಾಲರ ಕೋಣೆಯಲ್ಲಿ ಕೂತು ಪತ್ರಿಕೆ ಬರೆದರು. ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡರು. ಪ್ರತಿ ಚಿತ್ರವನ್ನೂ ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದರಂತೆ. ಪ್ರಾಂಶುಪಾಲರೇ ತಿದ್ದಿದರು. ಏಳು.

ದೊಡ್ಡಮ್ಮ ಗೆದ್ದಿದ್ದರು. ಅಲ್ಲಿಂದ ಎದ್ದು ಬರಬಹುದಿತ್ತು. ಆದರೆ ಗುಮಾಸ್ತರು ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಕಾರಣಗಳನ್ನು ಬರೆದಿದ್ದರು, ದೊಡ್ಡಮ್ಮ ಅದನ್ನು ಓದತೊಡಗಿದರು. ಹದಿಮೂರನೆಯ ಪ್ರಶ್ನೆಯಲ್ಲಿ ಒಂದು ಕ್ಯೂಬಿಸ್ಟ್ ಚಿತ್ರವಿತ್ತು. ಮೇಜು, ಸೀಸೆ, ಪಿಟೀಲು ಎಲ್ಲ ಚೂರುಚೂರಾಗಿ, ಬರಿಯ ಕಂದು ಮತ್ತು ಬೂದು ಬಣ್ಣದಲ್ಲಿ. ಬೇರೆ ಬಣ್ಣಗಳನ್ನು ಯಾಕೆ ಬಿಟ್ಟಿರಬಹುದು ಎಂಬುದು ಪ್ರಶ್ನೆ. ಬಣ್ಣದ ಕಡೆಗೆ ಗಮನ ಹೋಗದೆ ಆಕಾರದ ಮೇಲೆ ನಿಲ್ಲಲಿ ಎಂದು, ಇದು ದೊಡ್ಡಮ್ಮನ ಉತ್ತರ. ವಸ್ತುವೂ ಹಿನ್ನೆಲೆಯೂ ಒಂದರೊಳಗೊಂದು ಸೇರಿಹೋಗಲಿ ಎಂದು, ಇದು ಗುಮಾಸ್ತರು ಗುರುತು ಹಾಕಿದ್ದು. ಪಕ್ಕದಲ್ಲಿ ಬರೆದಿದ್ದರು: ಬೀರುವಿನಲ್ಲಿ ಎಲ್ಲ ಫೈಲಿಗೂ ಕಂದು ರಟ್ಟು ಹಾಕಿದರೆ ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ.

ದೊಡ್ಡಮ್ಮ ಅದನ್ನು ಮೂರು ಸಲ ಓದಿದರು. ಚಿತ್ರವನ್ನೂ ನೋಡಿದರು. ಆಮೇಲೆ ಹೇಳಿದರು:

"ಸರ್, ಇದೂ ಸರಿ. ನನ್ನ ಪ್ರಶ್ನೆಗೆ ಎರಡು ಸರಿ ಉತ್ತರ ಇದೆ."

"ಹಾಗಾದರೆ ಎಂಟಾಯ್ತಲ್ಲ ಮೇಡಂ," ಎಂದರು ಪ್ರಾಂಶುಪಾಲರು.

"ಆಯ್ತು ಸರ್."

ಗುಮಾಸ್ತರು ಕುರ್ಚಿಯಿಂದ ಎದ್ದು, ತಾವು ಸುಮ್ಮನೆ ಬರೆದದ್ದು, ಅಳಿಸಿಬಿಡುತ್ತೇನೆ ಎಂದು ರಬ್ಬರ್ ಹುಡುಕತೊಡಗಿದರು. ಪ್ರಾಂಶುಪಾಲರು ಅವರನ್ನು ಕೂರಿಸಿದರು. ನಿಯಮ ಅವರಿಗೆ ಬಾಯಿಪಾಠ. ಎರಡು ಸರಿ ಉತ್ತರವಿರುವ ಪ್ರಶ್ನೆ ರದ್ದಾಗುತ್ತದೆ, ಅದಕ್ಕೆ ಅಂಕವೂ ಇಲ್ಲ, ದಂಡವೂ ಇಲ್ಲ. ಆದರೆ ಪತ್ರಿಕೆಯಲ್ಲಿ ಇಪ್ಪತ್ತು ಪ್ರಶ್ನೆ ಇರಲೇಬೇಕು. ಮಧ್ಯಾಹ್ನದೊಳಗೆ ಬದಲಿ ಪ್ರಶ್ನೆ ಬರಲಿ, ಗುಮಾಸ್ತರು ಅದನ್ನೂ ಬರೆಯಲಿ. ತಪ್ಪಾದರೆ ಏಳು, ಸರಿಯಾದರೆ ಎಂಟು.

ಐದು ವಾರಗಳ ಕೆಲಸ ಈಗ ಒಂದು ಪ್ರಶ್ನೆಯ ಮೇಲೆ ನಿಂತಿತು. ದೊಡ್ಡಮ್ಮ ಖಾಲಿ ತರಗತಿಯಲ್ಲಿ ಕೂತು ಬರೆದರು. ಗುಮಾಸ್ತರು ಕೇಳಿಯೇ ಇಲ್ಲದ ಹೆಸರೊಂದನ್ನು ಕೇಳಿಬಿಟ್ಟರೆ ಮುಗಿಯುತ್ತಿತ್ತು. ಅಂಥದ್ದೊಂದನ್ನು ಬರೆದು ಹರಿದುಹಾಕಿದೆ ಎಂದು ನನಗೆ ಹೇಳಿದ್ದಾರೆ. ಕೊನೆಗೆ ಬರೆದದ್ದು ಇದು:

ಒಬ್ಬ ಚಿತ್ರಕಾರ ಒಂದೇ ಕಟ್ಟಡವನ್ನು ಹತ್ತು ಸಲ ಬಿಡಿಸಿದ. ಅವನು ತೋರಿಸಬೇಕೆಂದಿದ್ದದ್ದು ಕಟ್ಟಡವನ್ನಲ್ಲ, ಅದರ ಮೇಲೆ ಬೀಳುವ ಬೆಳಕು ಬದಲಾಗುವುದನ್ನು. ಹತ್ತೂ ಚಿತ್ರಗಳಲ್ಲಿ ಯಾವುದು ಬದಲಾಗಬಾರದು? ಅ) ಗೋಡೆಯ ಬಣ್ಣ. ಆ) ದಿನದ ಹೊತ್ತು. ಇ) ಆಕಾಶದ ಮೋಡ. ಈ) ನಿಂತ ಜಾಗ.

ಮಧ್ಯಾಹ್ನ ಗುಮಾಸ್ತರು ಪೆನ್ಸಿಲು ಹಿಡಿದು, ತಗ್ಗಿದ ದನಿಯಲ್ಲಿ, "ಮೇಡಂ, ಬೇಕಂತ ತಪ್ಪು ಮಾಡಲಾ?" ಎಂದು ಕೇಳಿದರು.

"ಬೇಡಿ. ಗೊತ್ತಿದ್ದದ್ದು ಹಾಕಿ," ಎಂದರು ದೊಡ್ಡಮ್ಮ.

ಗುಮಾಸ್ತರು ಕಿಟಕಿಯ ಹೊರಗೆ, ಎದುರಿನ ಕಟ್ಟಡವನ್ನು ತುಂಬ ಹೊತ್ತು ನೋಡಿದರು. ಆಮೇಲೆ 'ಅ' ಎಂದು ಗುರುತು ಹಾಕಿದರು. ಗೋಡೆಯ ಬಣ್ಣ.

ಪ್ರಾಂಶುಪಾಲರು ಏಳು ಎಂದು ಬರೆದು, ಸಹಿ ಮಾಡಿ, ಹೊಸ ಪತ್ರಿಕೆ ಈ ವರ್ಷದಿಂದಲೇ ಎಂದರು. ಗುಮಾಸ್ತರಿಗೆ ಮಾತ್ರ ಸಮಾಧಾನವಾಗಲಿಲ್ಲ. "ಬಣ್ಣ ಬದಲಾಯಿಸಿದರೆ ಅದೇ ಕಟ್ಟಡ ಅಂತ ಹೇಗೆ ಗೊತ್ತಾಗುತ್ತೆ ಮೇಡಂ?" ಎಂದು ಕಾರಿಡಾರಿನವರೆಗೂ ಹಿಂದೆಯೇ ಬಂದರು.

ಬೆಳಕು ಬದಲಾದರೆ ಗೋಡೆಯ ಬಣ್ಣವೂ ಕಣ್ಣಿಗೆ ಬದಲಾಗುತ್ತದೆ, ಅದನ್ನು ಕಾಣಿಸುವುದೇ ಆ ಚಿತ್ರಕಾರನ ಉದ್ದೇಶ, ನಿಂತ ಜಾಗ ಬದಲಾದರೆ ಬದಲಾದದ್ದು ಬೆಳಕೋ ನೋಟವೋ ತಿಳಿಯುವುದಿಲ್ಲ ಎಂದು ದೊಡ್ಡಮ್ಮ ವಿವರಿಸಿದರು. ಇದೇ ಮಾತನ್ನು ಹಿಡಿದು ಜಗಳವಾಡಿದವರು ಆ ಚಿತ್ರಕಾರನ ಕಾಲದಲ್ಲೂ ಇದ್ದರು ಎಂದೂ ಹೇಳಿದರು. ಗುಮಾಸ್ತರು ಎದುರಿನ ಕಟ್ಟಡವನ್ನು ತೋರಿಸಿ, ಬೆಳಿಗ್ಗೆ ಅದು ಹಳದಿಯಾಗಿತ್ತು, ಈಗ ಬಿಳಿ ಎಂದು ಒಪ್ಪಿಕೊಂಡರು. ಇಬ್ಬರೂ ಐದು ಗಂಟೆಯವರೆಗೆ ಅಲ್ಲೇ ನಿಂತಿದ್ದರು, ಅಷ್ಟರಲ್ಲಿ ಅದು ಕಿತ್ತಳೆಯಾಯಿತು. ಹಾಜರಿ ಪುಸ್ತಕ ಆ ದಿನ ಕಚೇರಿಗೆ ಹೋಗಲಿಲ್ಲ.

ಮನೆಗೆ ಬಂದಾಗ ದೊಡ್ಡಪ್ಪ ಬಾಗಿಲಲ್ಲೇ ಏನಾಯಿತು ಎಂದರು.

"ಒಪ್ಪಿದರು," ಎಂದು ದೊಡ್ಡಮ್ಮ ಚಪ್ಪಲಿ ಬಿಟ್ಟರು.

ದೊಡ್ಡಪ್ಪ ಅವರ ಮುಖ ನೋಡಿದರು. "ಇಷ್ಟು ಚಿಕ್ಕದಾಗಿ ಹೇಳ್ತಿದೀಯ. ನಿಜಾನಾ?"

ದೊಡ್ಡಮ್ಮ ಕೂತು, ಹದಿಮೂರನೆಯ ಪ್ರಶ್ನೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದರು. ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ದೊಡ್ಡಪ್ಪ ನಂಬಿದರು.