ಹದಿನಾರು ಜನರ ಓಟಿಪಿ

ಊರಲ್ಲಿ ಫೋನು ಅಪರೂಪವಾಗಿದ್ದಾಗ ಹಲಬರ್ಗಾದ ಕಿರಾಣಿ ಅಂಗಡಿಯ ಶಿವರಾಜಪ್ಪ ಹದಿನಾರು ಜನರ ಆಧಾರಿಗೆ ತನ್ನ ನಂಬರನ್ನೇ ಬರೆಸಿದ್ದ. ಅಂದಿನಿಂದ ಯಾರ ಓಟಿಪಿ ಬಂದರೂ ಅವನೇ ಓದಿ ಹೇಳಬೇಕು. ನಾಳೆ ಬೀದರಿನಲ್ಲಿ ಅವನಿಗೆ ಹೃದಯದ ಆಪರೇಷನ್. ಹದಿನೈದು ಜನರ ನಂಬರು ಬದಲಿಸಿಯಾಗಿತ್ತು, ಕೊನೆಯವಳು ಈರಮ್ಮ. ಭಾಲ್ಕಿಯ ಆಧಾರ್ ಕೇಂದ್ರದಲ್ಲಿ ಅವಳ ಸವೆದ ಬೆರಳನ್ನು ಯಂತ್ರ ನಾಲ್ಕು ಸಲವೂ ಒಪ್ಪಲಿಲ್ಲ. ಬಾಗಿಲು ಹಾಕುವ ಹೊತ್ತು.

"ಕಣ್ಣರ ತಗೊಂಡು ನೋಡ್ರಿ!" ಶಿವರಾಜಪ್ಪ ಎದೆ ಹಿಡಿದುಕೊಂಡೇ ಯಂತ್ರದ ಮುಂದಿನ ಹುಡುಗನಿಗೆ ಗದರಿದ.

ಕಣ್ಣಿನ ಗುರುತು ಹೊಂದಿತು. ರಸೀದಿ ಬಂತು.

"ಇನ್ನ ಸ್ವಲ್ಪ ದಿನಕ್ಕ ಓಟಿಪಿ ನಿನ್ನ ಫೋನಿಗೇ ಬರ್ತದವ್ವಾ," ಎಂದ ಶಿವರಾಜಪ್ಪ.

ಈರಮ್ಮ ರಸೀದಿಯನ್ನು ತಿರುಗಿಸಿ ನೋಡಿದಳು. "ಬರ್ಲಿರಿ ಅಣ್ಣಾ. ನನಗ ಓದ್ಲಿಕ್ಕ ಬರಂಗಿಲ್ಲ. ಓದಿ ಹೇಳ್ಲಿಕ್ಕ ನೀವು ಉಳೀಬೇಕಲ್ರಿ."